ಅಡಿಕೆ ತೋಟಕ್ಕೆ ಬಿದ್ದ ಉಪಗ್ರಹ: ಕಥೆ ಕಳಿಸಿದವರಿಗೆ ಉತ್ತರ

"ಮಾನ್ಯ ಸಂಪಾದಕರೇ, 'ಹತ್ತು ಎಕರೆ ಚಂದ್ರ' ಎಂಬ ಕಥೆ ಕಳಿಸುತ್ತಿದ್ದೇನೆ. ಶ್ರೀಹರಿಕೋಟಾದಿಂದ ಹಾರಿದ ಅಮೆರಿಕದ ಕಂಪನಿಯೊಂದರ ಉಪಗ್ರಹ ಮಲೆನಾಡಿನ ರೈತರೊಬ್ಬರ ಅಡಿಕೆ ತೋಟಕ್ಕೆ ಬೀಳುತ್ತದೆ. ಅವರು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಕಂಪನಿಯ ತಪ್ಪು ಸಾಬೀತು ಮಾಡುತ್ತಾರೆ. ಪರಿಹಾರವಾಗಿ ಕಂಪನಿ ಚಂದ್ರನ ಮೇಲೆ ಹತ್ತು ಎಕರೆ ಬರೆದುಕೊಡುತ್ತದೆ. ಕಾನೂನಿನ ಭಾಗ ನಂಬುವಂತಿದೆಯೇ? ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ."

ನಮಸ್ಕಾರ. ಕಥೆಯನ್ನು ಎರಡು ಸಲ ಓದಿದೆ. ಬೆಳಗಿನ ಜಾವ ಸದ್ದು ಕೇಳಿ ಗೌಡರು ಬ್ಯಾಟರಿ ಹಿಡಿದು ತೋಟಕ್ಕೆ ಇಳಿಯುವುದು, ಮುರಿದ ಮರದ ಬುಡದಲ್ಲಿ ಹಬೆಯಾಡುವ ಲೋಹ ನೋಡಿ ನಿಂತುಬಿಡುವುದು, ಇಷ್ಟು ಚೆನ್ನಾಗಿದೆ. ಅಲ್ಲಿಂದ ಮುಂದೆ ಕಾನೂನಿನ ಭಾಗ ನಂಬುವಂತಿಲ್ಲ. ನಿಮ್ಮ ಕಥೆ ನಡೆಯುವುದೇ ಕಾನೂನಿನ ಮೇಲೆ. ಹಾಗಾಗಿ ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಆದರೆ ನಿಜವಾದ ಕಾನೂನು ನಿಮ್ಮ ಕಲ್ಪನೆಗಿಂತ ಒಳ್ಳೆಯ ಕಥೆ ಕೊಡುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ನ್ಯಾಯಾಲಯದ ಮಾತು. ಹೇಗ್‌ನ ಆ ನ್ಯಾಯಾಲಯದಲ್ಲಿ ದೇಶ ದೇಶದ ಮೇಲೆ ದಾವೆ ಹೂಡಬಹುದು, ಗೌಡರಂಥ ಒಬ್ಬ ವ್ಯಕ್ತಿಗೆ ಅಲ್ಲಿ ಬಾಗಿಲಿಲ್ಲ. ಬಾಹ್ಯಾಕಾಶ ವಸ್ತುಗಳಿಂದಾಗುವ ಹಾನಿಗೆ ಅಂತಲೇ 1972ರ ಹೊಣೆಗಾರಿಕೆ ಒಪ್ಪಂದ ಇದೆ. ಅದರಲ್ಲೂ ಹಾಗೇ. ನಷ್ಟವಾಗುವುದು ಗೌಡರಿಗೆ, ಪರಿಹಾರ ಕೇಳಬೇಕಾದದ್ದು ಭಾರತ ಸರ್ಕಾರ, ಕೊಡಬೇಕಾದದ್ದು ಉಪಗ್ರಹ ಹಾರಿಸಿದ ದೇಶ. ಕಂಪನಿ ಖಾಸಗಿಯಾದರೂ ಹೊಣೆ ಅದರ ದೇಶದ ತಲೆಗೇ ಬರುತ್ತದೆ. ಒಪ್ಪಂದ ಸರ್ಕಾರಕ್ಕೆ "ಕೇಳಬಹುದು" ಅನ್ನುತ್ತದೆಯೇ ಹೊರತು "ಕೇಳಲೇಬೇಕು" ಅನ್ನುವುದಿಲ್ಲ. ಗೌಡರ ತೋಟದ ಹತ್ತು ಹದಿನೈದು ಮರಕ್ಕಾಗಿ ದೆಹಲಿಯವರು ಅಮೆರಿಕಕ್ಕೆ ಪತ್ರ ಬರೆಯುತ್ತಾರಾ? ನಿಮ್ಮ ಕಥೆಯ ಬಿಗಿ ಇರಬೇಕಾದದ್ದು ಇಲ್ಲಿ. ಗೌಡರು ಅಮೆರಿಕದ ನ್ಯಾಯಾಲಯಕ್ಕೇ ನೇರವಾಗಿ ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಆ ದಾರಿ ಹಿಡಿದರೆ ಅದೇ ನಷ್ಟಕ್ಕೆ ಒಪ್ಪಂದದ ಕೆಳಗೆ ಸರ್ಕಾರ ಕೇಳುವ ಹಾಗಿಲ್ಲ. ಒಂದನ್ನು ಆರಿಸಿಕೊಳ್ಳಬೇಕು. ಆ ಆಯ್ಕೆಯೇ ಒಂದು ಅಧ್ಯಾಯ ಆಗುತ್ತದೆ.

ಇನ್ನು "ಶ್ರೀಹರಿಕೋಟಾದಿಂದ ಹಾರಿದ" ಅಂತ ಬರೆದಿದ್ದೀರಿ. ಆ ಒಂದು ಪದ ನಿಮ್ಮ ಕಥೆಯ ಬುಡಕ್ಕೇ ಕೊಡಲಿ ಹಾಕುತ್ತದೆ. ಒಪ್ಪಂದದ ಪ್ರಕಾರ ಹಾರಿಸಿದವರೂ ಹಾರಿಸಿದ ದೇಶ, ಹಾರಿಸಲು ಏರ್ಪಾಟು ಮಾಡಿಸಿದವರೂ ಹಾರಿಸಿದ ದೇಶ, ಯಾರ ನೆಲದಿಂದ ಹಾರಿತೋ ಅವರೂ ಹಾರಿಸಿದ ದೇಶ. ಅಂದರೆ ಭಾರತವೂ ಹೊಣೆಗಾರರ ಸಾಲಿನಲ್ಲಿ ನಿಲ್ಲುತ್ತದೆ. ಹಾರಿಸಿದ ದೇಶದ ಸ್ವಂತ ಪ್ರಜೆಗೆ ಆದ ಹಾನಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ ಅಂತ ಅದರ ಏಳನೇ ವಿಧಿ ಹೇಳುತ್ತದೆ. ಆಗ ಗೌಡರು ನಮ್ಮ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕು.

ಇದು ಬರೀ ಪುಸ್ತಕದ ಮಾತಲ್ಲ. 2021ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹಳೆಯ ಬ್ಯಾಟರಿಗಳ ಒಂದು ಹೊರೆಯನ್ನು ಹೊರಗೆ ಬಿಟ್ಟರು. ತೂಕ ಸುಮಾರು ಎರಡೂವರೆ ಟನ್. ಅದು ವಾತಾವರಣದಲ್ಲಿ ಪೂರ್ತಿ ಉರಿದುಹೋಗುತ್ತದೆ ಅಂತ ಲೆಕ್ಕ ಹಾಕಿದ್ದರು. 2024ರ ಮಾರ್ಚ್ 8ರಂದು ಅದರ ಒಂದು ತುಂಡು ಫ್ಲಾರಿಡಾದ ನೇಪಲ್ಸ್ ಊರಿನ ಮನೆಯ ಚಾವಣಿ ತೂರಿಕೊಂಡು ಒಳಗೆ ಬಂತು. ತುಂಡಿನ ತೂಕ ಮುಕ್ಕಾಲು ಕಿಲೋಗೂ ಸ್ವಲ್ಪ ಕಡಿಮೆ, ಅಂಗೈ ಮೇಲೆ ಇಟ್ಟುಕೊಳ್ಳುವಷ್ಟು. ಆ ಮನೆಯವರು ಕೇಳಿದ್ದು 80,000 ಡಾಲರ್‌ಗೂ ಜಾಸ್ತಿ. ಕೇಳಿದ್ದು ತಮ್ಮದೇ ದೇಶದ ನಾಸಾವನ್ನು, ತಮ್ಮದೇ ದೇಶದ ಕಾನೂನಿನ ಕೆಳಗೆ. ಅದೇ ತುಂಡು ಗಡಿಯಾಚೆ ಬೇರೆ ದೇಶದ ಮನೆಗೆ ಬಿದ್ದಿದ್ದರೆ 1972ರ ಒಪ್ಪಂದ ಅವರ ಸರ್ಕಾರದ ಕೈಗೆ ಬರುತ್ತಿತ್ತು, ಯಾರ ತಪ್ಪು ಅಂತ ತೋರಿಸುವ ಗೋಜೇ ಇರುತ್ತಿರಲಿಲ್ಲ.

ಈ ಕೊನೆಯ ಮಾತು ನಿಮಗೆ ಮುಖ್ಯ. ನಿಮ್ಮ ವಕೀಲರು ಕಂಪನಿಯ ತಪ್ಪು ಸಾಬೀತು ಮಾಡಲು ನಾಲ್ಕು ಪುಟ ವಾದಿಸುತ್ತಾರೆ. ಆ ನಾಲ್ಕು ಪುಟವನ್ನೂ ತೆಗೆದುಹಾಕಿ. ನೆಲದ ಮೇಲೆ, ಅಥವಾ ಹಾರುತ್ತಿರುವ ವಿಮಾನಕ್ಕೆ ಹಾನಿಯಾದರೆ ತಪ್ಪಿನ ಪ್ರಶ್ನೆಯೇ ಇಲ್ಲ. ಎಷ್ಟೇ ಎಚ್ಚರ ವಹಿಸಿದ್ದರೂ ಬಿದ್ದರೆ ಹೊಣೆ ಹೊರಬೇಕು. ತಪ್ಪು ತೋರಿಸಬೇಕಾದದ್ದು ಮೇಲೆ, ಬಾಹ್ಯಾಕಾಶದಲ್ಲೇ ಡಿಕ್ಕಿಯಾದಾಗ. 2009ರ ಫೆಬ್ರವರಿ 10ರಂದು ಅಮೆರಿಕದ ಇರಿಡಿಯಂ 33 ಮತ್ತು ರಷ್ಯಾದ ಸತ್ತ ಉಪಗ್ರಹ ಕಾಸ್ಮಾಸ್ 2251 ಸೈಬೀರಿಯಾದ ಮೇಲೆ ಡಿಕ್ಕಿ ಹೊಡೆದವು. ಸತ್ತದ್ದಕ್ಕೆ ಪಕ್ಕಕ್ಕೆ ಸರಿಯಲು ಆಗುತ್ತಿರಲಿಲ್ಲ, ಬದುಕಿದ್ದದ್ದು ಸರಿಯಲಿಲ್ಲ. ತಪ್ಪು ಯಾರದ್ದು ಅಂತ ಒಪ್ಪಂದದ ಕೆಳಗೆ ಯಾರೂ ಕೇಳಲೇ ಇಲ್ಲ.

ಹಾಗಾದರೆ ಗೌಡರ ಕಥೆಯಲ್ಲಿ ಜಗಳ ಯಾವುದರ ಮೇಲೆ? ಹಾನಿ ಅಂದರೆ ಏನು ಅನ್ನುವುದರ ಮೇಲೆ. ಒಪ್ಪಂದ ಹಾನಿ ಅಂತ ಒಪ್ಪುವುದು ಜೀವ, ದೇಹ, ಆರೋಗ್ಯ, ಆಸ್ತಿ ಇವಕ್ಕೆ ಆದದ್ದನ್ನು. ಮುರಿದ ಅಡಿಕೆ ಮರ ಆಸ್ತಿ, ಅದರಲ್ಲಿ ಅನುಮಾನವಿಲ್ಲ. ಹೆದರಿಕೆಯಿಂದ ಆ ವರ್ಷ ಅಡಿಕೆ ಕೊನೆ ಕೊಯ್ಯಲು ಆಳುಗಳು ತೋಟಕ್ಕೆ ಬರಲಿಲ್ಲ ಅಂತ ಬರೆದಿದ್ದೀರಲ್ಲ, ಆ ನಷ್ಟ? ಅಲ್ಲಿ ವಾದ ಶುರುವಾಗುತ್ತದೆ.

ಇಂಥದ್ದೇ ವಾದ ನಿಜವಾಗಿ ನಡೆದಿದೆ. ಅದನ್ನು ನೀವು ಚೆನ್ನಾಗಿ ತಿಳಿದುಕೊಂಡ ಮೇಲೆಯೇ ಮತ್ತೆ ಬರೆಯಲು ಕೂರಬೇಕು. 1978ರ ಜನವರಿ 24ರಂದು ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಕೆನಡಾದ ಉತ್ತರದ ಹಿಮನಾಡಿನ ಮೇಲೆ ಒಡೆದು ಬಿತ್ತು. ಅದರೊಳಗೆ ಯುರೇನಿಯಂ ಉರಿಸುವ ಪುಟ್ಟ ಪರಮಾಣು ರಿಯಾಕ್ಟರ್ ಇತ್ತು. ಚೂರುಗಳು ಹರಡಿದ ಜಾಗ ಸುಮಾರು 1,24,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರರಲ್ಲಿ ಎರಡು ಪಾಲು. ಆ ಚಳಿಗಾಲ ಕಳೆಯಲು ಥೆಲೋನ್ ನದಿಯ ದಡದ ಗುಡಿಸಲೊಂದರಲ್ಲಿ ಆರು ಜನ ಸಾಹಸಿಗಳು ಉಳಿದುಕೊಂಡಿದ್ದರು. ಅವರಲ್ಲಿ ಇಬ್ಬರು ನಾಯಿ ಕಟ್ಟಿದ ಜಾರುಬಂಡಿಯಲ್ಲಿ ಹೋಗುವಾಗ ನದಿಯ ಮಂಜುಗಡ್ಡೆಯಲ್ಲಿ ಒಂದು ಗುಂಡಿ ಕಂಡಿತು. ಅದರೊಳಗಿಂದ ಕಡವೆ ಕೊಂಬಿನ ಹಾಗೆ ಬಾಗಿದ ಲೋಹದ ಕೊಳವೆಗಳು ಮೇಲೆದ್ದಿದ್ದವು. ಒಬ್ಬ ಕೈಗವಸು ಹಾಕಿದ ಕೈಯಿಂದ ಮುಟ್ಟಿ ನೋಡಿದ. ಗುಡಿಸಲಿಗೆ ಮರಳಿದ ಮೇಲೆಯೇ ಅದು ಏನಿರಬಹುದು ಅಂತ ಗೊತ್ತಾದದ್ದು. ಅವರನ್ನು ವಿಮಾನದಲ್ಲಿ ಕರೆದೊಯ್ದು ವಿಕಿರಣದ ಪರೀಕ್ಷೆ ಮಾಡಿಸಿದರು. ಯಾರಿಗೂ ತೊಂದರೆ ಆಗಿರಲಿಲ್ಲ.

ಇಲ್ಲೇ ಗಂಟು. ಯಾರೂ ಸಾಯಲಿಲ್ಲ, ಒಂದು ಮನೆಯೂ ಮುರಿಯಲಿಲ್ಲ. ಆದರೆ ಕೆನಡಾ ವಿಮಾನಗಳಲ್ಲಿ ವಿಕಿರಣ ಅಳೆಯುವ ಯಂತ್ರ ಇಟ್ಟುಕೊಂಡು ತಿಂಗಳುಗಟ್ಟಲೆ ಹುಡುಕಿ ಸುಮಾರು 65 ಕಿಲೋ ಚೂರು ಹೆಕ್ಕಿತು. ಆದ ಖರ್ಚು ಸುಮಾರು 140 ಲಕ್ಷ ಕೆನಡಿಯನ್ ಡಾಲರ್. ಹುಡುಕಾಟದ ಖರ್ಚು "ಹಾನಿ" ಆಗುತ್ತದಾ? ಕೆನಡಾ ಹೇಳಿದ್ದು ಇಷ್ಟು: ವಿಕಿರಣದ ಚೂರು ಬಿದ್ದ ನೆಲ ಬಳಸಲು ಬಾರದು, ಅದೇ ಆಸ್ತಿಗೆ ಆದ ಹಾನಿ, ಅದನ್ನು ಸರಿಪಡಿಸಲು ಆದ ಖರ್ಚು ನೀವು ಕೊಡಿ. ಹೇಗೂ ಕೊಡಬೇಕಾಗಿದ್ದ ಸಂಬಳದಂಥವನ್ನು ಬಿಟ್ಟು, ಈ ಘಟನೆಯಿಂದಲೇ ಹೆಚ್ಚಾಗಿ ಬಿದ್ದ ಖರ್ಚನ್ನು ಮಾತ್ರ ಲೆಕ್ಕ ಹಾಕಿ ಸುಮಾರು 60 ಲಕ್ಷ ಕೇಳಿತು. ಕೇಳಲು ಒಂದು ವರ್ಷದ ಗಡುವಿದೆ. ಕೆನಡಾದ ಪತ್ರ ಹೋದದ್ದು 1979ರ ಜನವರಿ 23ರಂದು, ವರ್ಷ ತುಂಬಲು ಒಂದೇ ದಿನ ಇರುವಾಗ. 1981ರ ಏಪ್ರಿಲ್ 2ರಂದು ಎರಡೂ ದೇಶ ಸಹಿ ಹಾಕಿದವು. ಕೈಗೆ ಬಂದದ್ದು 30 ಲಕ್ಷ. ಆ ಕಾಗದದಲ್ಲಿ ಹೊಣೆ ಎಂಬ ಮಾತೂ ಇಲ್ಲ, 1972ರ ಒಪ್ಪಂದದ ಹೆಸರೂ ಇಲ್ಲ. ಹಾಗಾಗಿ ಆ ಗಂಟು ಇವತ್ತಿಗೂ ಬಿಚ್ಚಿಲ್ಲ.

ಗೌಡರು ಆ ಲೋಹವನ್ನು ಗುಜರಿಯವನಿಗೆ ಮಾರುವ ದೃಶ್ಯ ನಿಮಗೆ ಇಷ್ಟ ಅಂತ ಕಾಣುತ್ತದೆ. ಮಾರಲಿ, ಆದರೆ ಅದು ತಪ್ಪು ಅಂತ ಕಥೆಗೆ ಗೊತ್ತಿರಬೇಕು. ಉಪಗ್ರಹ ಭೂಮಿಗೆ ಬಿದ್ದರೂ ಒಡೆತನ ಬದಲಾಗುವುದಿಲ್ಲ ಅಂತ 1967ರ ಬಾಹ್ಯಾಕಾಶ ಒಪ್ಪಂದದ ಎಂಟನೇ ವಿಧಿ ಹೇಳುತ್ತದೆ. ತೋಟ ಗೌಡರದ್ದು, ತೋಟದೊಳಗಿನ ತುಂಡು ಬೇರೆಯವರದ್ದು. ಜೊತೆಗೆ, ತುಂಡು ಮಾಯವಾದರೆ ಅದು ಯಾರ ಉಪಗ್ರಹದ್ದು ಅಂತ ತೋರಿಸುವುದು ಹೇಗೆ? 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್ ಹೆಡ್ ಕಡಲ ದಡಕ್ಕೆ ದೊಡ್ಡದೊಂದು ಲೋಹದ ಉರುಳೆ ತೇಲಿ ಬಂತು. ಪೊಲೀಸರು ಕಾವಲು ನಿಂತು ಜನರನ್ನು ದೂರ ಇಟ್ಟರು. ಕೊನೆಗೆ ಅದು ನಮ್ಮ ಪಿಎಸ್‌ಎಲ್‌ವಿ ರಾಕೆಟ್‌ನ ಮೂರನೇ ಹಂತದ ಭಾಗ ಅಂತ ಗೊತ್ತಾಯಿತು, ಬೆಂಗಳೂರಿನ ಇಸ್ರೋ ಕೂಡ ಒಪ್ಪಿಕೊಂಡಿತು. ಗೌಡರ ತೋಟದಲ್ಲೂ ಮೊದಲು ಆಗಬೇಕಾದದ್ದು ಮಹಜರು, ಫೋಟೋ, ಮುರಿದ ಮರಗಳ ಎಣಿಕೆ. ನಿಮ್ಮ ಕಥೆಯಲ್ಲಿ ಗ್ರಾಮ ಆಡಳಿತಾಧಿಕಾರಿ ಒಂದು ಸಲವೂ ಬರುವುದಿಲ್ಲ, ಅದೂ ಒಂದು ಕೊರತೆಯೇ.

ಈಗ ಹತ್ತು ಎಕರೆ. ಅದೇ 1967ರ ಒಪ್ಪಂದದ ಎರಡನೇ ವಿಧಿ ಪ್ರಕಾರ ಚಂದ್ರನನ್ನು ಯಾವ ದೇಶವೂ ಯಾವ ರೀತಿಯಲ್ಲೂ ತನ್ನದು ಮಾಡಿಕೊಳ್ಳುವಂತಿಲ್ಲ. ಹಕ್ಕು ಕೊಡುವ ಸರ್ಕಾರವೇ ಅಲ್ಲಿಲ್ಲ ಅಂದ ಮೇಲೆ ಪಹಣಿ ಯಾರು ಕೊಡುತ್ತಾರೆ, ಖಾತೆ ಯಾರು ಮಾಡುತ್ತಾರೆ? ಆ ಕ್ರಯಪತ್ರ ಬರೀ ಕಾಗದ. ಆದರೆ ಚಂದ್ರನಿಂದ ಅಗೆದ ಕಲ್ಲಿನ ಮಾತು ಬೇರೆ. ನಡುಗಡಲು ಯಾರದ್ದೂ ಅಲ್ಲ, ಬಲೆಗೆ ಬಿದ್ದ ಮೀನು ಹಿಡಿದವನದ್ದು ಅಂತ ಒಂದು ಪಕ್ಷ ವಾದಿಸುತ್ತದೆ. ಅಮೆರಿಕ 2015ರಲ್ಲಿ ಇದೇ ದಾರಿಯಲ್ಲಿ ಕಾನೂನು ಮಾಡಿತು. 1979ರ ಚಂದ್ರ ಒಪ್ಪಂದದ ದಾರಿ ಬೇರೆ. ಅದು ಅಲ್ಲಿನ ಸಂಪತ್ತು ಇಡೀ ಮನುಕುಲಕ್ಕೆ ಸೇರಿದ್ದು, ಹಂಚಿಕೆಗೆ ಎಲ್ಲರೂ ಸೇರಿ ವ್ಯವಸ್ಥೆ ಮಾಡಬೇಕು ಅನ್ನುತ್ತದೆ. ಭಾರತ 1982ರಲ್ಲಿ ಅದಕ್ಕೆ ಸಹಿ ಹಾಕಿತು, ಅನುಮೋದಿಸಲಿಲ್ಲ. 2023ರಲ್ಲಿ ಅಗೆಯುವುದನ್ನು ಒಪ್ಪುವ ಆರ್ಟೆಮಿಸ್ ಒಡಂಬಡಿಕೆಗೂ ಸಹಿ ಹಾಕಿತು. ಅದೇ ವರ್ಷದ ನಮ್ಮ ಬಾಹ್ಯಾಕಾಶ ನೀತಿಯಲ್ಲಿ, ಖಾಸಗಿಯವರು ಬಾಹ್ಯಾಕಾಶದಿಂದ ಪಡೆದ ಸಂಪತ್ತನ್ನು ಕಾನೂನಿಗೆ ಒಳಪಟ್ಟು ಇಟ್ಟುಕೊಳ್ಳಬಹುದು, ಮಾರಬಹುದು ಅಂತ ಬರೆದಿದೆ. ನೀತಿ ಅಂದರೆ ಕಾಯ್ದೆಯಲ್ಲ, ಈ ವ್ಯತ್ಯಾಸ ನಿಮ್ಮ ವಕೀಲರಿಗೆ ಗೊತ್ತಿರಲಿ.

ಕಲ್ಲು ಕೈ ಬದಲಾಯಿಸಿದ್ದೂ ಇದೆ. ಸೋವಿಯತ್‌ನ ಲೂನಾ 16 ನೌಕೆ ತಂದ ಮೂರು ಚೂರು, ಎಲ್ಲಾ ಸೇರಿ ಒಂದು ಗ್ರಾಮಿನ ಐದನೇ ಒಂದು ಪಾಲು, 1993ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 4,42,500 ಡಾಲರ್‌ಗೆ ಹೋದವು. ಹಾಗಾಗಿ ಕಂಪನಿ ಗೌಡರಿಗೆ ಎಕರೆ ಬರೆದುಕೊಡುವುದು ಬೇಡ. ಮುಂದೆ ತರಲಿರುವ ಚಂದ್ರನ ಮಣ್ಣಿನಲ್ಲಿ ಇಂತಿಷ್ಟು ಗ್ರಾಂ ಕೊಡುತ್ತೇವೆ, ಹಣದ ಮಾತು ಬಿಡಿ ಅಂತ ಬರೆದುಕೊಡಲಿ. ಗೌಡರು ಸಹಿ ಹಾಕುತ್ತಾರಾ, ದೆಹಲಿಯ ಪತ್ರಕ್ಕೆ ಕಾಯುತ್ತಾರಾ? ವರ್ಷದ ಗಡುವು ಓಡುತ್ತಿರುತ್ತದೆ.

ಮತ್ತೆ ಬರೆಯುವ ಮುನ್ನ ಒಂದು ಸಾಲು ಬರೆದು ಕಳಿಸಿ: ಶ್ರೀಹರಿಕೋಟಾ ಉಳಿಸಿಕೊಳ್ಳುತ್ತೀರಾ, ಬಿಡುತ್ತೀರಾ? ಉಳಿಸಿಕೊಂಡರೆ ಗೌಡರು ನಮ್ಮ ಸರ್ಕಾರದ ಎದುರೇ ನಿಲ್ಲುವ ಕಥೆ. ಬಿಟ್ಟರೆ ಸರ್ಕಾರ ತಮ್ಮ ಪರ ನಿಲ್ಲಲಿ ಅಂತ ಕಾಯುವ ಕಥೆ. ಯಾವುದು ಅಂತ ಗೊತ್ತಾದರೆ ಕರಡು ಓದುವಾಗ ನನಗೂ ಅನುಕೂಲ.