ಗಡುವು ಅಸಾಧ್ಯವೆನಿಸಿದಾಗ ಬದಲಿ ಪ್ರಸ್ತಾವ ಇಡುವ ಬಗೆ

ಪ್ರಶ್ನೆ: ಐದು ವಾರ ಹಿಡಿಯುವ ಕೆಲಸವನ್ನು ಎರಡು ವಾರದಲ್ಲಿ ಮುಗಿಸಿ ಎನ್ನುತ್ತಿದ್ದಾರೆ. ಆಗುವುದಿಲ್ಲ ಎಂದರೆ ಇವರಿಗೆ ಮನಸ್ಸಿಲ್ಲ ಎಂದುಕೊಳ್ಳುತ್ತಾರೆ. ಹೇಗೆ ಹೇಳಲಿ?

ಉತ್ತರ ಕೊಡುವ ಮೊದಲು, ಗಡುವಿನ ದಿನ ಏನು ನಡೆಯಲಿದೆ, ಅಂದು ಯಾರು ಯಾವುದನ್ನು ನೋಡಲಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಬದಲಿ ಪ್ರಸ್ತಾವ ಹುಟ್ಟುವುದು ಈ ಮಾಹಿತಿಯಿಂದಲೇ.

ನನಗೂ ಇಂಥದೇ ಸಂದರ್ಭ ಒದಗಿತ್ತು. ಹಳೆಯ ತಂತ್ರಾಂಶದಲ್ಲಿದ್ದ ಗ್ರಾಹಕರ ದಾಖಲೆಗಳನ್ನು ಹೊಸದಕ್ಕೆ ಸಾಗಿಸಿ, ಹನ್ನೆರಡು ಬಗೆಯ ವರದಿಗಳನ್ನು 10 ಕೆಲಸದ ದಿನಗಳಲ್ಲಿ ಸಿದ್ಧಪಡಿಸಬೇಕೆಂದು ನಮ್ಮ ಮ್ಯಾನೇಜರ್ ಹೇಳಿದರು. ಕೆಲಸವನ್ನು ಬಿಡಿಸಿ ಬರೆದಾಗ ದಾಖಲೆಗಳಿಗೆ 6 ದಿನ, ವರದಿಗಳಿಗೆ 12, ಬಳಕೆದಾರರ ಅನುಮತಿಗಳಿಗೆ 3, ಪರೀಕ್ಷೆಗೆ 4, ಹೀಗೆ ಒಟ್ಟು 25 ದಿನಗಳಾದವು. ವಿಚಾರಿಸಿದಾಗ, ಅಂದು ಲೆಕ್ಕ ಪರಿಶೋಧಕರು ಬರುತ್ತಾರೆಂದೂ ಅವರು ನೋಡುವುದು ಪ್ರಸಕ್ತ ವರ್ಷದ ಮೂರು ವರದಿಗಳನ್ನು ಮಾತ್ರವೆಂದೂ ತಿಳಿಯಿತು.

ಆದ್ದರಿಂದ ನಾನು ಮ್ಯಾನೇಜರ್‌ಗೆ ಹೀಗೆ ಬರೆದೆ: “ಪ್ರಸಕ್ತ ವರ್ಷದ ದಾಖಲೆಗಳು (3 ದಿನ), ಆ ಮೂರು ವರದಿಗಳು (3), ಕೇವಲ ನೋಡುವ ಅನುಮತಿ (1), ಪರೀಕ್ಷೆ (2) ಸೇರಿ 9 ದಿನಗಳಲ್ಲಿ ಸಿದ್ಧವಾಗುತ್ತವೆ; ಅನಿರೀಕ್ಷಿತ ತೊಂದರೆಗೆಂದು ಒಂದು ದಿನ ಉಳಿಯುತ್ತದೆ. ಹಿಂದಿನ ವರ್ಷಗಳ ದಾಖಲೆಗಳು, ಉಳಿದ ಒಂಬತ್ತು ವರದಿಗಳು ಮತ್ತು ತಿದ್ದುವ ಅನುಮತಿ ಅಂದಿಗೆ ಇರುವುದಿಲ್ಲ. ಅವುಗಳಿಗೆ ಆನಂತರ 16 ದಿನ ಬೇಕು. ನಾಳೆ ಸಂಜೆಯೊಳಗೆ ಒಪ್ಪಿಗೆ ಸಿಕ್ಕರೆ ಈ ಲೆಕ್ಕ ನಿಲ್ಲುತ್ತದೆ.” ಅವರು ಕೇಳಿದ್ದು ಒಂದೇ ಪ್ರಶ್ನೆ, ಮೂರನೆಯ ವರದಿಯ ಬದಲು ಬೇರೊಂದನ್ನು ಸೇರಿಸಬಹುದೇ ಎಂದು. ಬದಲಾಯಿಸಬಹುದಿತ್ತು, ಬದಲಾಯಿಸಿದೆವು.

ಈ ಪತ್ರದಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವುದು “ಇರುವುದಿಲ್ಲ” ಎಂಬ ಸಾಲನ್ನು. ಅದನ್ನು ಬಿಟ್ಟರೆ ಓದಿದವರು ಎಲ್ಲವೂ ಅಂದಿಗೇ ಸಿಗುತ್ತದೆ ಎಂದುಕೊಳ್ಳುತ್ತಾರೆ, ಮತ್ತು ನೀವು ತಪ್ಪಿಸಬೇಕೆಂದಿದ್ದ ಹಳೆಯ ಗಡುವೇ ಮರಳಿ ನಿಮ್ಮ ಮೇಲೆ ಬೀಳುತ್ತದೆ. ಹಾಗೆಯೇ ದಿನಗಳನ್ನು ಹೊಂದಿಸಲೆಂದು ಪರೀಕ್ಷೆಯ ದಿನಗಳನ್ನು ಕತ್ತರಿಸಬೇಡಿ. ಕಡಿಮೆ ಮಾಡಬೇಕಾದದ್ದು ಕೆಲಸದ ವ್ಯಾಪ್ತಿಯನ್ನು. ನಮ್ಮಲ್ಲಿ ಪರೀಕ್ಷೆ 4ರಿಂದ 2 ದಿನಕ್ಕೆ ಇಳಿದದ್ದು ಪರೀಕ್ಷಿಸಬೇಕಾದದ್ದೇ ಕಡಿಮೆಯಾದ ಕಾರಣಕ್ಕೆ; ಉಳಿದ 2 ದಿನಗಳನ್ನು ಎರಡನೆಯ ಹಂತದಲ್ಲಿ ಇಟ್ಟೆವು.

“ಇನ್ನಿಬ್ಬರನ್ನು ಕೊಡುತ್ತೇನೆ” ಎಂಬ ಮಾತು ಬರಬಹುದು. ಹೊಸಬರಿಗೆ ಕೆಲಸ ವಿವರಿಸುವವರು ಈಗ ಆ ಕೆಲಸ ಮಾಡುತ್ತಿರುವವರೇ ಆದ್ದರಿಂದ, ಇಷ್ಟು ಚಿಕ್ಕ ಅವಧಿಯಲ್ಲಿ ಅದರಿಂದ ವಿಳಂಬವೇ ಹೆಚ್ಚಾಗುತ್ತದೆ. ವರದಿಯ ವಿನ್ಯಾಸದಂತಹ ಬಿಡಿ ಕೆಲಸವಿದ್ದರೆ ಮಾತ್ರ ಒಪ್ಪಿಕೊಳ್ಳಿ.

ಕೆಲಸವನ್ನು ಭಾಗ ಮಾಡಲು ಸಾಧ್ಯವೇ ಇಲ್ಲದಿದ್ದರೆ ಈ ದಾರಿ ನಡೆಯುವುದಿಲ್ಲ. ಆಗ ದಿನಾಂಕದ ಬಗ್ಗೆಯೇ ಮಾತನಾಡಬೇಕಾಗುತ್ತದೆ, ಆಗಲೂ ಮೇಲಿನಂತೆ ಬಿಡಿಸಿದ ಲೆಕ್ಕ ನಿಮ್ಮ ಕೈಯಲ್ಲಿರಲಿ. ಒಪ್ಪಿಗೆ ಬಾಯಿಮಾತಿನಲ್ಲಿ ಬಂದರೆ, ಅದೇ ದಿನ ಎರಡು ಸಾಲಿನ ಇಮೇಲ್‌ನಲ್ಲಿ ಎರಡೂ ಹಂತಗಳ ದಿನಾಂಕಗಳನ್ನು ಬರೆದು ಕಳುಹಿಸಿ.