ಕಂತು 69, ಖರ್ಚು 88

"ಒಂಬತ್ತು ವರ್ಷ ಹಳೇ ಫ್ಲಾಟ್ ಒಂದು ನೋಡಿದ್ದೀವಿ. ನಿಮ್ಮ ಸಂಬಳಕ್ಕೆ ಈ ಕಂತು ಆರಾಮಾಗಿ ಕಟ್ಟಬಹುದು ಅಂತ ಬ್ಯಾಂಕಿನವರು ಹೇಳ್ತಿದ್ದಾರೆ. ಕಂತು ಬಿಟ್ಟು ಇನ್ನೇನೆಲ್ಲ ಖರ್ಚು ಬರುತ್ತೆ? ಸಾಲಕ್ಕೆ ಸಹಿ ಹಾಕೋ ಮುಂಚೆ ಅದನ್ನ ಲೆಕ್ಕ ಹಾಕೋದು ಹೇಗೆ?"

ನಾನೂ ಹೀಗೇ ಒಂದು ಹಳೆಯ ಫ್ಲಾಟ್ ಕೊಂಡು ಎಂಟು ವರ್ಷವಾಯಿತು. ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ. ಆದರೆ ಅವರಿಗೆ ಬೇಕಾಗಿರುವುದು ಅವರ ಕಂತು ಬರುತ್ತದೋ ಇಲ್ಲವೋ ಅನ್ನುವುದಷ್ಟೇ. ಬಚ್ಚಲು ಸೋರಿದರೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಕೇಳುವ ಕಾಲಂ ಅವರ ಅರ್ಜಿಯಲ್ಲಿ ಇರುವುದಿಲ್ಲ.

ಬೆಲೆ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಮನೆಯ ಬೆಲೆಯನ್ನು 10,000 ಪಾಲು ಅಂತ ಇಟ್ಟುಕೊಳ್ಳೋಣ, ಕೆಳಗೆ ಬರುವ ಮೊತ್ತಗಳೆಲ್ಲ ಆ ಪಾಲಿನಲ್ಲೇ. ನಿಮ್ಮ ಮನೆಯ ಬೆಲೆಯನ್ನು 10,000ದಿಂದ ಭಾಗಿಸಿದರೆ ಒಂದು ಪಾಲು ಎಷ್ಟು ಅಂತ ಸಿಗುತ್ತದೆ. ಅದರಿಂದ ನನ್ನ ಅಂಕಿಗಳನ್ನು ಗುಣಿಸಿಕೊಂಡು ಹೋಗಿ.

ಕೈಯಿಂದ 2,000, ಸಾಲ 8,000, ಬಡ್ಡಿ 8.5%, ಅವಧಿ 20 ವರ್ಷ. ಕಂತು ತಿಂಗಳಿಗೆ ಸುಮಾರು 69 ಬರುತ್ತದೆ. ಬ್ಯಾಂಕಿನವರು ತೋರಿಸಿದ್ದು ಈ 69. ಇನ್ನು ಅವರು ತೋರಿಸದೇ ಇದ್ದದ್ದಕ್ಕೆ ಬರೋಣ.

ಮೊದಲ ಪೆಟ್ಟು ಮನೆಗೆ ಕಾಲಿಡುವ ಮುಂಚೆಯೇ ಬೀಳುತ್ತದೆ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಎರಡೂ ಸೇರಿ ನನಗೆ 700 ಆಯಿತು. ಇದರ ದರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ನಿಮ್ಮಲ್ಲಿ ಎಷ್ಟು ಅಂತ ನೋಂದಣಿ ಕಚೇರಿಯಲ್ಲೇ ಕೇಳಿ. ಎಷ್ಟೋ ಕಡೆ ನೀವು ಕೊಟ್ಟ ಬೆಲೆಗಿಂತ ಸರ್ಕಾರ ನಿಗದಿ ಮಾಡಿದ ಬೆಲೆ ಜಾಸ್ತಿಯಿದ್ದರೆ ಶುಲ್ಕ ಹಾಕುವುದು ಆ ಜಾಸ್ತಿ ಬೆಲೆಯ ಮೇಲೆ. ಚೌಕಾಸಿ ಮಾಡಿ ಉಳಿಸಿದ್ದಕ್ಕೆ ಅಲ್ಲಿ ಲೆಕ್ಕವಿಲ್ಲ. ಕಾಗದಪತ್ರ ನೋಡಿದ ವಕೀಲರಿಗೆ, ಸಾಲದ ಪ್ರೊಸೆಸಿಂಗ್ ಶುಲ್ಕಕ್ಕೆ, ಬ್ಯಾಂಕಿನ ಮೌಲ್ಯಮಾಪಕರಿಗೆ ಸೇರಿ 100. ನಿವಾಸಿಗಳ ಸಂಘಕ್ಕೆ ಹೆಸರು ಬದಲಾವಣೆ ಮತ್ತು ಠೇವಣಿ ಅಂತ ಇನ್ನೊಂದು 100. ಆಮೇಲೆ ಬಣ್ಣ, ದೀಪ, ಗೀಸರ್, ಕಪಾಟು, ಕಿಟಕಿಗೆ ಜಾಲರಿ. ಏನೂ ಮಾಡಿಸಲ್ಲ ಅಂತ ಹಟ ಹಿಡಿದಿದ್ದ ನಮಗೇ 600 ಖರ್ಚಾಯಿತು.

ಒಟ್ಟು 1,500. ಸಾಮಾನ್ಯವಾಗಿ ಇದಕ್ಕೆಲ್ಲ ಮನೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಅಂದರೆ ನೀವು ಕೂಡಿಸಿಟ್ಟಿರಬೇಕಾದದ್ದು 2,000 ಅಲ್ಲ, 3,500. ಸಾಲವೂ ನೀವು ಒಪ್ಪಿಕೊಂಡ ಬೆಲೆಯ ಮೇಲೇ ಸಿಗುತ್ತದೆ ಅಂತ ಇಲ್ಲ. ಅವರ ಮೌಲ್ಯಮಾಪಕರು ಮನೆಗೆ 9,500 ಅಂತ ಬರೆದರೆ, ಅದರ 80% ಅಂದರೆ 7,600 ಮಾತ್ರ. ಕೈಯಿಂದ ಇನ್ನೂ 400.

ಇಲ್ಲೇ ಬಹಳ ಜನ ಜಾರುವುದು. ಮುಂಗಡ ಕೊಟ್ಟಾಗಿರುತ್ತದೆ, ಹಿಂದೆ ಸರಿಯುವಂತಿಲ್ಲ, ಕಡಿಮೆ ಬಿದ್ದ 1,500ಕ್ಕೆ ವೈಯಕ್ತಿಕ ಸಾಲ ಮಾಡುತ್ತಾರೆ. 14% ಬಡ್ಡಿ, ನಾಲ್ಕು ವರ್ಷ ಅಂತ ಹಿಡಿದರೆ ಅದರ ಕಂತೇ ತಿಂಗಳಿಗೆ 41. ಮನೆ ಸಾಲದ 69ರ ಜೊತೆ ಸೇರಿ 110. ಆರಾಮಾಗಿ ಕಟ್ಟಬಹುದು ಅಂದವರು ಈ 41ನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನನ್ನು ಕೇಳಿದರೆ, ನೋಂದಣಿ ದುಡ್ಡು ಕೈಯಲ್ಲಿ ಇಲ್ಲದಿದ್ದರೆ ಆ ಮನೆ ಸದ್ಯಕ್ಕೆ ನಿಮ್ಮದಲ್ಲ. ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲೇ ಇರಿ.

ಈಗ ತಿಂಗಳ ಲೆಕ್ಕ. ಸಂಘಕ್ಕೆ ಕೊಡುವ ಮೇಂಟೆನೆನ್ಸ್ ನಮ್ಮಲ್ಲಿ 9. ಆಸ್ತಿ ತೆರಿಗೆ ಮತ್ತು ಮನೆ ವಿಮೆಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಒಂದೂವರೆ. ಇಷ್ಟನ್ನು ಯಾರಾದರೂ ಹೇಳುತ್ತಾರೆ. ಹೇಳದೇ ಉಳಿಯುವುದು ದುರಸ್ತಿ, ಯಾಕೆಂದರೆ ಅದಕ್ಕೆ ತಿಂಗಳು ತಿಂಗಳು ಬಿಲ್ ಬರುವುದಿಲ್ಲ. ಬಂದಾಗ ಒಟ್ಟಿಗೇ ಬರುತ್ತದೆ.

ನಮ್ಮ ಮನೆಯದ್ದೇ ಹೇಳುತ್ತೇನೆ. ಮಲಗುವ ಕೋಣೆಯ ಬೀರು ಸರಿಸಿದಾಗ ಹಿಂದಿನ ಗೋಡೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದವರೆಗೆ ಬಣ್ಣ ಬೊಬ್ಬೆ ಎದ್ದಿತ್ತು. ಬೆರಳಲ್ಲಿ ಮುಟ್ಟಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಗೋಡೆಯ ಆಚೆ ಬದಿ ಬಚ್ಚಲುಮನೆ. ನಾನು ಪೇಂಟರ್ ಕರೆಸಿದೆ. ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಹೋದರು. ಮೂರು ತಿಂಗಳಿಗೆ ಬೊಬ್ಬೆ ಮತ್ತೆ ಬಂತು. ಎರಡನೇ ಸಲವೂ ಪೇಂಟರನ್ನೇ ಕರೆದೆ. ದಡ್ಡತನ, ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಬಂದ ಪ್ಲಂಬರ್ ಸುತ್ತಿಗೆ ಮುಟ್ಟಲಿಲ್ಲ. "ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮನೆಗೆ ಬರೋ ನೀರಿನ ಮೀಟರ್ ಫೋಟೊ ತೆಗೆದಿಟ್ಕೊಳ್ಳಿ. ಬೆಳಿಗ್ಗೆ ಯಾರೂ ನೀರು ಬಳಸೋ ಮುಂಚೆ ಇನ್ನೊಂದು ಫೋಟೊ ತೆಗೀರಿ ಸಾರ್" ಅಂದರು. ಮೀಟರ್ ಅಲುಗಿರಲಿಲ್ಲ. ನಲ್ಲಿಗೆ ಬರುವ ಪೈಪಿನಲ್ಲಿ ಸದಾ ಒತ್ತಡ ಇರುತ್ತದೆ, ಅದು ಒಡೆದಿದ್ದರೆ ಹಗಲು ರಾತ್ರಿ ಸೋರಿ ಮೀಟರ್ ತಿರುಗಬೇಕಿತ್ತು. ಹಾಗಾದರೆ ಸೋರುತ್ತಿರುವುದು ನಾವು ಬಳಸಿ ಬಿಟ್ಟ ನೀರು. ಬಚ್ಚಲಿನ ತೂತು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿದರು. ಮಾರನೇ ದಿನಕ್ಕೆ ನೀರು ಗೆರೆಗಿಂತ ಅರ್ಧ ಇಂಚಿನಷ್ಟು ಕೆಳಗಿತ್ತು. ಆವಿಯಾಗಿ ಅಷ್ಟು ಹೋಗುವುದಿಲ್ಲ. ಟೈಲ್ಸ್ ಅಡಿಯ ನೀರು ತಡೆಯುವ ಪದರ ಹಾಳಾಗಿತ್ತು.

ಆ ಪದರ ಸರಿಮಾಡಲು ಟೈಲ್ಸ್ ಕೀಳಲೇಬೇಕು. ಕಿತ್ತ ಮೇಲೆ ಅದೇ ಬಣ್ಣದ್ದು ಸಿಗುವುದಿಲ್ಲ, ಹಾಗಾಗಿ ನೆಲದ ಜೊತೆ ಗೋಡೆಯದ್ದೂ ಹೋಯಿತು. ಒಂದು ಬಚ್ಚಲಿಗೆ 75 ಬಿತ್ತು, ಒಂದು ಕಂತಿಗಿಂತ ಜಾಸ್ತಿ. ಎರಡು ಸಲ ಬಣ್ಣ ಹೊಡೆಸಿದ್ದು ಬೇರೆ.

ಅಂದಿನಿಂದ ನಾನು ದುರಸ್ತಿಯನ್ನು ಅಚಾನಕ್ ಖರ್ಚು ಅಂತ ನೋಡುವುದನ್ನು ಬಿಟ್ಟೆ. ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಆಯಸ್ಸು ಇದೆ. ಬದಲಿಸುವ ಖರ್ಚನ್ನು ಆ ಆಯಸ್ಸಿನಿಂದ ಭಾಗಿಸಿದರೆ ವರ್ಷದ ಖರ್ಚು ಸಿಗುತ್ತದೆ. ಒಳಗಿನ ಬಣ್ಣ 120, ಆರು ವರ್ಷಕ್ಕೊಮ್ಮೆ, ಅಂದರೆ ವರ್ಷಕ್ಕೆ 20. ಎರಡು ಬಚ್ಚಲು ಸೇರಿ 150, ಹನ್ನೆರಡು ವರ್ಷ ಅಂತ ಹಿಡಿದರೆ ವರ್ಷಕ್ಕೆ 12.5. ಅಡುಗೆಮನೆಯ ಕಪಾಟು 180, ಹದಿನೈದು ವರ್ಷ, ವರ್ಷಕ್ಕೆ 12. ಗೀಸರ್, ನಲ್ಲಿ, ವೈರಿಂಗ್ ಇತ್ಯಾದಿ ಸೇರಿ ವರ್ಷಕ್ಕೆ ಸುಮಾರು 10. ಮನೆಯೊಳಗೆ ಹೀಗೆ ಸುಮಾರು 55 ಆಯಿತು. ಲಿಫ್ಟ್, ಪಂಪು, ತಾರಸಿ, ಹೊರಗೋಡೆಯ ಬಣ್ಣದಲ್ಲಿ ನನ್ನ ಪಾಲು ವರ್ಷಕ್ಕೆ 45 ಅಂತ ಇಟ್ಟುಕೊಂಡೆ. ಒಟ್ಟು ನೂರು, ಬೆಲೆಯ 1%. ಈ 1% ಸೂತ್ರವನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ಆದರೆ ಸವೆಯುವುದು ಕಟ್ಟಡ, ಜಾಗ ಅಲ್ಲ. ದುಬಾರಿ ಜಾಗದಲ್ಲಿ ಸಣ್ಣ ಮನೆಯಿದ್ದರೆ ಈ ಸೂತ್ರ ಹೆಚ್ಚು ತೋರಿಸುತ್ತದೆ, ಅಗ್ಗದ ಜಾಗದಲ್ಲಿ ದೊಡ್ಡ ಹಳೆಯ ಮನೆಯಿದ್ದರೆ ಕಡಿಮೆ. ಆಯಸ್ಸಿನ ಲೆಕ್ಕವೇ ವಾಸಿ.

ವರ್ಷಕ್ಕೆ ನೂರು ಅಂದರೆ ತಿಂಗಳಿಗೆ ಎಂಟಕ್ಕಿಂತ ತುಸು ಜಾಸ್ತಿ. ಈಗ ಕೂಡಿಸಿ: ಕಂತು 69, ಮೇಂಟೆನೆನ್ಸ್ 9, ತೆರಿಗೆ ಮತ್ತು ವಿಮೆ ಒಂದೂವರೆ, ದುರಸ್ತಿ ಎಂಟು ಚಿಲ್ಲರೆ. 88. ಕಂತಿಗಿಂತ ಕಾಲು ಭಾಗಕ್ಕೂ ಜಾಸ್ತಿ. ಬಡ್ಡಿ ಏರದಿದ್ದರೆ 69 ಹಾಗೇ ಇರುತ್ತದೆ, ಉಳಿದ 19 ಮಾತ್ರ ಏರುತ್ತಲೇ ಹೋಗುತ್ತದೆ. ಕೂಲಿ, ಸಾಮಾನಿನ ದರ ವರ್ಷಕ್ಕೆ 6% ಏರಿದರೆ ಹನ್ನೆರಡನೇ ವರ್ಷಕ್ಕೆ ಆ 19 ಎರಡರಷ್ಟಾಗಿರುತ್ತದೆ. ಬದಲಾಗುವ ಬಡ್ಡಿಯ ಸಾಲವಾದರೆ ಕಂತೂ ನೆಚ್ಚುವಂಥದ್ದಲ್ಲ: 8.5% ಇದ್ದದ್ದು 10% ಆದರೆ 69ರ ಜಾಗದಲ್ಲಿ 77. ಕಂತು ಏರಿಸದೆ ಸದ್ದಿಲ್ಲದೆ ಅವಧಿ ಉದ್ದ ಮಾಡುವುದೂ ಉಂಟು.

ಹಳೆಯ ಫ್ಲಾಟ್ ಅಂದಿರಿ, ಅದಕ್ಕೆ ಇನ್ನೊಂದು ಮಾತು. ಮೇಂಟೆನೆನ್ಸ್ ಕಡಿಮೆ ಅಂತ ಮಾರುವವರು ಹೆಮ್ಮೆಯಿಂದ ಹೇಳಿದರೆ ಖುಷಿಪಡಬೇಡಿ. ಸಂಘದ ಕಳೆದ ಮೂರು ವರ್ಷದ ಲೆಕ್ಕಪತ್ರ ಕೇಳಿ, ದೊಡ್ಡ ದುರಸ್ತಿಗೆ ಅಂತ ಕೂಡಿಟ್ಟ ನಿಧಿಯಲ್ಲಿ ಎಷ್ಟಿದೆ ನೋಡಿ. ನಮ್ಮಲ್ಲಿ ಎಲ್ಲರೂ ಕಡಿಮೆ ಕೊಟ್ಟುಕೊಂಡು ಸುಖವಾಗಿದ್ದರು, ನಿಧಿ ಖಾಲಿ. ನಾವು ಬಂದ ಮೂರನೇ ವರ್ಷ ತಾರಸಿ ಸೋರಿತು. ತಾರಸಿಗೂ ಹೊರಗೋಡೆಗೂ ಸೇರಿ ಒಂದೊಂದು ಮನೆಗೆ 130, ಎರಡು ತಿಂಗಳಲ್ಲಿ ಕೊಡಿ ಅಂದರು. ಹಿಂದಿನವರು ಉಳಿಸಿಕೊಂಡಿದ್ದನ್ನು ನಾವು ಕಟ್ಟಿದೆವು. ಲಿಫ್ಟ್ ಹಾಕಿದ ವರ್ಷ, ಮಾರುವವರ ಬಾಕಿ, ಈಗಾಗಲೇ ಠರಾವು ಆಗಿರುವ ವಿಶೇಷ ವಂತಿಗೆ, ಈ ಮೂರನ್ನೂ ಸಂಘದಿಂದ ಬರಹದಲ್ಲೇ ತೆಗೆದುಕೊಳ್ಳಿ.

ಸಹಿ ಹಾಕುವ ಮುಂಚೆ ಆರು ತಿಂಗಳು ಒಂದು ಪ್ರಯೋಗ ಮಾಡಿ. ಈಗಿನ ಬಾಡಿಗೆ 35 ಪಾಲು ಅಂದುಕೊಳ್ಳಿ. ಸಂಬಳ ಬಂದ ದಿನವೇ 88ರಲ್ಲಿ 35 ಕಳೆದು ಉಳಿದ 53ನ್ನು ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ನಾಲ್ಕನೇ ತಿಂಗಳಿಗೇ ಅದರಿಂದ ತೆಗೆಯುವಂತಾದರೆ ಸಾಲದ ಮೊತ್ತ ಇಳಿಸಬೇಕು, ಇಲ್ಲವೇ ಸಣ್ಣ ಮನೆ ನೋಡಬೇಕು. ತೆಗೆಯದೆ ನಿಭಾಯಿಸಿದರೆ 318 ಕೈಯಲ್ಲಿರುತ್ತದೆ, ನೋಂದಣಿ ಖರ್ಚಿನ ಅರ್ಧಕ್ಕೆ ಹತ್ತಿರ.

ಮುಂದಿನ ಸಲ ಆ ಫ್ಲಾಟ್ ನೋಡಲು ಹೋದಾಗ ಬಚ್ಚಲಿಗೆ ತಾಗಿದ ಗೋಡೆಗಳ ಹತ್ತಿರ ಇರುವ ಬೀರು, ಮಂಚ ಸರಿಸಿ ನೋಡಿ. ಗೋಡೆಯ ಬುಡ ಮುಟ್ಟಿ. ಸಾಧ್ಯವಾದರೆ ಕೆಳಗಿನ ಮನೆಯವರನ್ನು ಕೇಳಿ ಅವರ ಬಚ್ಚಲಿನ ಚಾವಣಿ ನೋಡಿಕೊಂಡು ಬನ್ನಿ. ಮೇಲಿನವರ ಸೋರಿಕೆ ಮೊದಲು ಕಾಣುವುದು ಅಲ್ಲೇ. ಒಂಬತ್ತು ವರ್ಷದಲ್ಲಿ ಬಚ್ಚಲಿಗೆ ಕೈ ಹಾಕಿಲ್ಲ ಅಂತ ಗೊತ್ತಾದರೆ ಆ ಕೆಲಸ ನಿಮ್ಮ ತಲೆಯ ಮೇಲೇ ಬರುವುದು ಹೆಚ್ಚು ಕಡಿಮೆ ಖಾತ್ರಿ. ಎರಡು ಬಚ್ಚಲಿಗೆ 150 ಅಂತ ಬರೆದಿಟ್ಟುಕೊಂಡು ಬೆಲೆ ಮಾತಾಡುವಾಗ ಅದನ್ನೇ ಇಳಿಸಲು ಕೇಳಿ. ನಾನು ಕೇಳಿರಲಿಲ್ಲ.