ಡಿವಿಡೆಂಡ್ ಬರುತ್ತದೆ, ಅಷ್ಟೇ ಬೆಲೆ ಇಳಿಯುತ್ತದೆ

"ಎಕ್ಸ್-ಡೇಟ್ ಹಿಂದಿನ ದಿನ ಷೇರು ತಗೊಂಡು ಮಾರನೇ ದಿನ ಮಾರಿದ್ರೆ ಡಿವಿಡೆಂಡ್ ಪುಕ್ಕಟೆ ಸಿಕ್ಕ ಹಾಗೆ ಅಲ್ವಾ? ಒಂದೇ ದಿನಕ್ಕೆ 4% ಬಂದ್ರೆ ಯಾರಿಗೆ ಬೇಡ? ಎಲ್ಲರೂ ಯಾಕೆ ಹೀಗೆ ಮಾಡಲ್ಲ?"

ಡಿವಿಡೆಂಡ್ ಖಂಡಿತ ಸಿಗುತ್ತದೆ. ಆದರೆ ಹೆಚ್ಚುಕಡಿಮೆ ಅಷ್ಟೇ ಹಣ ಷೇರಿನ ಬೆಲೆಯಲ್ಲಿ ಕಡಿಮೆಯಾಗಿರುತ್ತದೆ. ತೆರಿಗೆ, ಬ್ರೋಕರೇಜ್ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಕೈಯಿಂದಲೇ ಸ್ವಲ್ಪ ಹೋಗುತ್ತದೆ.

ಮೊದಲು ದಿನಾಂಕಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲೇ ಜಾಸ್ತಿ ಜನ ಎಡವುವುದು. ಕಂಪನಿ ಡಿವಿಡೆಂಡ್ ಘೋಷಿಸುವಾಗ ಒಂದು ರೆಕಾರ್ಡ್ ಡೇಟ್ ಕೊಡುತ್ತದೆ. ಆ ದಿನ ಯಾರ ಹೆಸರು ಷೇರುದಾರರ ಪಟ್ಟಿಯಲ್ಲಿ ಇರುತ್ತದೋ ಅವರಿಗೆ ಹಣ. ನೀವು ಇವತ್ತು ಕೊಂಡ ಷೇರು ಇವತ್ತೇ ನಿಮ್ಮ ಹೆಸರಿಗೆ ಬರುವುದಿಲ್ಲ. ಸೆಟಲ್‌ಮೆಂಟ್‌ಗೆ ಒಂದು ಕೆಲಸದ ದಿನ ಹಿಡಿಯುವ ಮಾರುಕಟ್ಟೆಯಲ್ಲಿ ರೆಕಾರ್ಡ್ ಡೇಟ್ ದಿನವೇ ಸಾಮಾನ್ಯವಾಗಿ ಎಕ್ಸ್-ಡೇಟ್ ಕೂಡ ಆಗಿರುತ್ತದೆ. ಎರಡು ದಿನ ಹಿಡಿಯುವ ಕಡೆ ಎಕ್ಸ್-ಡೇಟ್ ಒಂದು ಕೆಲಸದ ದಿನ ಮೊದಲೇ ಬರುತ್ತದೆ. ಎಕ್ಸ್-ಡೇಟ್ ದಿನ ಅಥವಾ ಅದರ ನಂತರ ಕೊಂಡರೆ ಈ ಸಲದ ಡಿವಿಡೆಂಡ್ ನಿಮ್ಮದಲ್ಲ, ಮಾರಿದವರದ್ದು. ಹಾಗಾಗಿ ರೆಕಾರ್ಡ್ ಡೇಟ್ ಶುಕ್ರವಾರ ಅಂತ ನೋಡಿ ಶುಕ್ರವಾರ ಬೆಳಿಗ್ಗೆ ಕೊಂಡವರಿಗೆ ಏನೂ ಸಿಗುವುದಿಲ್ಲ. ಹಣ ಖಾತೆಗೆ ಬರುವ ದಿನ ಬೇರೆ, ಅದು ಎಷ್ಟೋ ಸಲ ವಾರಗಳ ನಂತರ. ಆ ದಿನಕ್ಕೂ ಷೇರಿನ ಬೆಲೆಗೂ ಸಂಬಂಧ ಇಲ್ಲ. ಹಕ್ಕು ಬೇರೆಯಾಗುವುದು ಎಕ್ಸ್-ಡೇಟ್ ಬೆಳಿಗ್ಗೆ, ಬೆಲೆ ಇಳಿಯುವುದೂ ಆಗಲೇ.

ಈಗ ನಿಮ್ಮ 4% ಲೆಕ್ಕವನ್ನೇ ಮಾಡೋಣ. ಹಿಂದಿನ ದಿನ ಮಾರುಕಟ್ಟೆ ಮುಚ್ಚುವಾಗ ಷೇರಿನ ಬೆಲೆ 500, ಡಿವಿಡೆಂಡ್ ಷೇರಿಗೆ 20. ನೀವು 100 ಷೇರು ಕೊಂಡಿರಿ, 50,000 ಹೋಯಿತು. ರಾತ್ರಿ ಬೇರೆ ಯಾವ ಸುದ್ದಿಯೂ ಬಂದಿಲ್ಲ ಅಂದುಕೊಳ್ಳಿ. ಬೆಳಿಗ್ಗೆ ಷೇರು 480ರ ಆಸುಪಾಸಿನಲ್ಲಿ ತೆರೆಯುತ್ತದೆ. ಮಾರಿದರೆ 48,000, ಬರಬೇಕಾದ ಡಿವಿಡೆಂಡ್ 2,000. ಒಟ್ಟು ಅದೇ 50,000.

ಇದರ ಮೇಲೆ ತೆರಿಗೆ. ಡಿವಿಡೆಂಡ್ ಮೇಲೆ 20% ತೆರಿಗೆ ಅಂದುಕೊಂಡರೆ 400 ಹೋಯಿತು. ಕೊಳ್ಳುವಾಗ, ಮಾರುವಾಗ ಖರ್ಚು ಸೇರಿ ಒಂದು 100. ಉಳಿದದ್ದು 49,500. ಷೇರು ಮಾರಿದ್ದರಲ್ಲಿ 2,000 ನಷ್ಟ ತೋರಿಸಬಹುದಲ್ಲ ಅಂತ ಕೇಳಬಹುದು. ತೋರಿಸಬಹುದು, ಆದರೆ ಎಷ್ಟೋ ದೇಶಗಳಲ್ಲಿ ಆ ನಷ್ಟವನ್ನು ಬೇರೆ ಷೇರು ಮಾರಿದ ಲಾಭದ ಎದುರು ಮಾತ್ರ ವಜಾ ಮಾಡಿಕೊಳ್ಳಬೇಕು, ಡಿವಿಡೆಂಡ್ ಎದುರು ಅಲ್ಲ. ಅಂಥ ಲಾಭ ನಿಮಗೆ ಇಲ್ಲದಿದ್ದರೆ ಸದ್ಯಕ್ಕೆ ಆ ನಷ್ಟ ಉಪಯೋಗಕ್ಕೆ ಬರುವುದಿಲ್ಲ.

ಅದೇ ದಿನ ಮಾರುಕಟ್ಟೆ 1% ಏರಿದರೆ? ಷೇರು 480ರ ಬದಲು 484.80ಕ್ಕೆ ಹೋಗುತ್ತದೆ. ನೋಡುವವರಿಗೆ "20 ಕೊಟ್ಟರು, ಬೆಲೆ ಇಳಿದದ್ದು ಬರೀ 15.20" ಅಂತ ಅನಿಸುತ್ತದೆ. ಷೇರಿಗೆ 4.80ರಂತೆ 100 ಷೇರಿಗೆ ಆದ 480 ಲಾಭ ಬಂದದ್ದು ಮಾರುಕಟ್ಟೆಯಿಂದ, ಡಿವಿಡೆಂಡ್‌ನಿಂದ ಅಲ್ಲ. ತೆರಿಗೆ, ಖರ್ಚಿನ 500 ಕಳೆದರೆ ಅಷ್ಟಾದರೂ ನೀವು 20 ನಷ್ಟದಲ್ಲೇ ಇರುತ್ತೀರಿ.

ಎಲ್ಲರೂ ಯಾಕೆ ಮಾಡಲ್ಲ ಅಂದಿರಿ. ಮಾಡಲು ಹೊರಟಿದ್ದರಿಂದಲೇ ಬೆಲೆ ಇಳಿಯುವುದು. ಬೆಳಿಗ್ಗೆಯೂ 500ಕ್ಕೆ ಮಾರಬಹುದು ಅಂತಿದ್ದರೆ ದೊಡ್ಡ ಹಣ ಇರುವವರು ಹಿಂದಿನ ಸಂಜೆ ನುಗ್ಗಿ ಕೊಳ್ಳುತ್ತಿದ್ದರು, ಬೆಳಿಗ್ಗೆ ನುಗ್ಗಿ ಮಾರುತ್ತಿದ್ದರು. ಸಂಜೆ ಬೆಲೆ ಏರಿ, ಬೆಳಿಗ್ಗೆ ಇಳಿದು, ವ್ಯತ್ಯಾಸ 20ರ ಹತ್ತಿರ ಬರುವವರೆಗೂ ಇದು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕೊಳ್ಳುವವನ ಕಡೆಯಿಂದ ನೋಡಿದರೂ ಅಷ್ಟೇ. ಕಂಪನಿ ಕೊಡಬೇಕಾದ 20 ಈಗಾಗಲೇ ಬೇರೆಯವರ ಪಾಲಾಗಿದೆ. ಅದಕ್ಕೂ ಸೇರಿಸಿ ಅವನು ಯಾಕೆ 500 ಕೊಡುತ್ತಾನೆ?

"ನಾಲ್ಕು ದಿನ ಕಾದರೆ ಬೆಲೆ ಮತ್ತೆ 500ಕ್ಕೆ ಬರುತ್ತೆ, ಆಗ ಮಾರ್ತೀನಿ" ಅನ್ನುವುದು ಇನ್ನೊಂದು ವಾದ. ನನಗೆ ಇದೇ ಎಲ್ಲಕ್ಕಿಂತ ಮೋಸದ್ದು ಅನಿಸುತ್ತದೆ, ಯಾಕೆಂದರೆ ಕೇಳಲು ಸರಿಯಾಗೇ ಇದೆ. ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. ನೀವು ಸಂಜೆ 500ಕ್ಕೆ ಕೊಂಡಿರಿ. ಇನ್ನೊಬ್ಬರು ಮಾರನೇ ಬೆಳಿಗ್ಗೆ 480ಕ್ಕೆ ಕೊಂಡರು. ಬೆಲೆ 500 ಆಯಿತು, ಇಬ್ಬರೂ ಮಾರಿದಿರಿ. ನಿಮಗೆ ಡಿವಿಡೆಂಡ್ 20, ಅವರಿಗೆ ಬೆಲೆ ಏರಿದ್ದರಿಂದ 20. ಹಾಗಾದರೆ ಲಾಭ ತಂದದ್ದು ಆಮೇಲಿನ ಏರಿಕೆ. ಬೆಲೆ 470ಕ್ಕೆ ಇಳಿದಿದ್ದರೆ ಇಬ್ಬರಿಗೂ ಷೇರಿಗೆ 10 ನಷ್ಟ. ಇಳಿದ ಬೆಲೆ ಮತ್ತೆ ಮೇಲೆ ಬರಲೇಬೇಕು ಅಂತ ಏನೂ ಇಲ್ಲ.

ಇನ್ನು, ಬೆಲೆ ಯಾವಾಗಲೂ ಪೂರ್ತಿ 20 ಇಳಿಯುತ್ತದಾ? ಸರಾಸರಿ ನೋಡಿದರೆ ಸ್ವಲ್ಪ ಕಡಿಮೆ. 1970ರಲ್ಲಿ ಎಲ್ಟನ್ ಮತ್ತು ಗ್ರೂಬರ್ ಎಂಬ ಸಂಶೋಧಕರು ನ್ಯೂಯಾರ್ಕ್ ಷೇರುಪೇಟೆಯ ಲೆಕ್ಕ ತೆಗೆದಾಗ ಡಿವಿಡೆಂಡ್‌ನ ಸುಮಾರು 78% ಇಳಿಕೆ ಕಂಡಿತು. ಕಾರಣ ತೆರಿಗೆ ಅಂದರು. ಆಗ ಅಲ್ಲಿ ಷೇರು ಮಾರಿದ ಲಾಭಕ್ಕಿಂತ ಡಿವಿಡೆಂಡ್ ಮೇಲೆ ತೆರಿಗೆ ಜಾಸ್ತಿ ಇತ್ತು, ಆದ್ದರಿಂದ ಕೈಗೆ ಬರುವ 20 ಪೂರ್ತಿ 20ರಷ್ಟು ಬೆಲೆ ಬಾಳುತ್ತಿರಲಿಲ್ಲ. ಆಮೇಲೆ 1998ರಲ್ಲಿ ಫ್ರಾಂಕ್ ಮತ್ತು ಜಗನ್ನಾಥನ್ ಹಾಂಗ್‌ಕಾಂಗ್ ನೋಡಿದರು. ಅಲ್ಲಿ ಡಿವಿಡೆಂಡ್‌ಗೂ ತೆರಿಗೆ ಇಲ್ಲ, ಷೇರು ಮಾರಿದ ಲಾಭಕ್ಕೂ ಇಲ್ಲ. ಆದರೂ ಸರಾಸರಿ ಡಿವಿಡೆಂಡ್ 12 ಸೆಂಟ್, ಇಳಿಕೆ 6 ಸೆಂಟ್ ಮಾತ್ರ!

ಹಾಗಾದರೆ ಆ 6 ಸೆಂಟ್ ಪುಕ್ಕಟೆ ಅಲ್ವಾ? ಅಲ್ಲ. ಯಾವ ಷೇರಿಗೂ ಒಂದು ಹೊತ್ತಿನಲ್ಲಿ ಎರಡು ಬೆಲೆ ಇರುತ್ತದೆ: ಕೊಳ್ಳುವವರು ಕೊಡಲು ಸಿದ್ಧ ಇರುವ ಬಿಡ್, ಮಾರುವವರು ಕೇಳುವ, ಅದಕ್ಕಿಂತ ಸ್ವಲ್ಪ ಹೆಚ್ಚಿನ ಆಸ್ಕ್. ಡಿವಿಡೆಂಡ್ ವಸೂಲಿಯ ತಾಪತ್ರಯ ಬೇಡ ಅನ್ನುವವರು ಎಕ್ಸ್-ಡೇಟ್‌ಗೆ ಮೊದಲೇ ಮಾರುತ್ತಾರೆ, ಹಾಗಾಗಿ ಹಿಂದಿನ ಸಂಜೆ ದಾಖಲಾಗುವುದು ಹೆಚ್ಚಾಗಿ ಬಿಡ್ ಬೆಲೆ. ಕೊಳ್ಳುವವರು ಎಕ್ಸ್-ಡೇಟ್‌ವರೆಗೆ ಕಾಯುತ್ತಾರೆ, ಆಗ ದಾಖಲಾಗುವುದು ಆಸ್ಕ್ ಬೆಲೆ. ಅದರಿಂದ ಕಾಗದದ ಮೇಲೆ ಇಳಿಕೆ ಕಡಿಮೆ ಕಾಣುತ್ತದೆ. ನೀವು ಮಾಡಹೊರಟಿರುವುದು ಇದರ ತಿರುಗಾಮುರುಗಾ: ಸಂಜೆ ಆಸ್ಕ್‌ಗೆ ಕೊಂಡು ಬೆಳಿಗ್ಗೆ ಬಿಡ್‌ಗೆ ಮಾರಬೇಕು. ಆ ವ್ಯತ್ಯಾಸ ನಿಮ್ಮ ಕೈಗೆ ಸಿಗುವುದೇ ಇಲ್ಲ.

ಹಳೆಯ ಚಾರ್ಟ್ ಇಟ್ಟುಕೊಂಡು ಪರೀಕ್ಷೆ ಮಾಡುವುದಾದರೆ ಒಂದು ಎಚ್ಚರಿಕೆ. ಬಹಳಷ್ಟು ಕಡೆ ಸಿಗುವುದು ಡಿವಿಡೆಂಡ್‌ಗೆ ಹೊಂದಿಸಿದ ಬೆಲೆ. ನಮ್ಮ ಉದಾಹರಣೆಯಲ್ಲಿ ಹಿಂದಿನ ದಿನದ 500 ಅಲ್ಲಿ 480 ಅಂತ ಕಾಣುತ್ತದೆ, ಇಳಿಕೆಯೇ ಮಾಯ. ಅದಕ್ಕೆ ಡಿವಿಡೆಂಡ್ ಕೂಡಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದ ಹಾಗೆ. ಆ ದಿನ ನಿಜವಾಗಿ ವ್ಯಾಪಾರವಾದ ಬೆಲೆಯನ್ನೇ ತೆಗೆದುಕೊಳ್ಳಿ.

ಷೇರು ಹೇಗೂ ಕೊಂಡು ಇಟ್ಟುಕೊಳ್ಳುವುದು ಅಂತ ತೀರ್ಮಾನಿಸಿದ್ದರೆ, ನಿಮ್ಮ ಡಿವಿಡೆಂಡ್ ತೆರಿಗೆ ಎಷ್ಟು ಅಂತ ಮೊದಲು ನೋಡಿ. ಅದು ಷೇರು ಮಾರಿದ ಲಾಭದ ತೆರಿಗೆಗಿಂತ ಜಾಸ್ತಿ ಇದ್ದರೆ, ಒಂದು ದಿನ ತಡೆದು ಎಕ್ಸ್-ಡೇಟ್ ದಿನ ಇಳಿದ ಬೆಲೆಗೆ ಕೊಳ್ಳುವುದೇ ಸಾಮಾನ್ಯವಾಗಿ ಮೇಲು.